ಮಾತಿಲ್ಲದ ಕಿರು ಅನಿಮೇಷನ್ ಚಿತ್ರದ ಬರವಣಿಗೆ

ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಂತಹ ಕಡೆ ಚಿತ್ರಕಲೆಯನ್ನು ಕಲಿಯುವವರಿಗೆ ಸಂಭಾಷಣೆಯಿಲ್ಲದ ಚಿತ್ರವೆಂದೊಡನೆ ನೆನಪಾಗುವುದು ಸಿಂಗೀತಂ ಶ್ರೀನಿವಾಸರಾಯರ 1987ರ ‘ಪುಷ್ಪಕ ವಿಮಾನ’. ಬೆಂಗಳೂರಿನಲ್ಲಿಯೇ ಚಿತ್ರಿತವಾದ ಈ ಕಥೆಯಲ್ಲಿ, ಗದ್ದಲದ ವಠಾರದಲ್ಲಿ ಬದುಕಿದ ನಿರುದ್ಯೋಗಿ ಯುವಕನಿಗೆ ದೊಡ್ಡ ಹೋಟೆಲಿನ ನಿಶ್ಶಬ್ದ ಕೊಠಡಿಯಲ್ಲಿ ನಿದ್ರೆ ಬಾರದು. ತನ್ನ ವಾಸಸ್ಥಳದ ಸದ್ದನ್ನು ಟೇಪಿನಲ್ಲಿ ಮುದ್ರಿಸಿ ತಂದು ಕೇಳಿದಾಗಲೇ ಅವನು ಮಲಗುವನು. ಇಷ್ಟರಿಂದಲೇ ಅವನ ಪೂರ್ವಜೀವನವೂ ಈಗಿನ ಪರಕೀಯತೆಯೂ ಪ್ರೇಕ್ಷಕನಿಗೆ ವಿದಿತವಾಗುತ್ತವೆ. ಆದರೆ ಇಲ್ಲಿ ಕಮಲಹಾಸನರ ಮುಖವೂ ಒದಗಿದೆ. ಲೇಖಕನು ಬರೆಯದೆ ಬಿಟ್ಟುದನ್ನು ನಟನು ತುಂಬಬಲ್ಲನು. ಅನಿಮೇಷನ್ ಚಿತ್ರದಲ್ಲಿ ಕಣ್ಣೆವೆ ಮಿಟುಕುವುದನ್ನೂ ಯಾರಾದರೊಬ್ಬರು ನಿರ್ಧರಿಸಿಯೇ ಬರೆಯಬೇಕು. ಹಾಗಾದರೆ ಮುಖವೇ ಇಲ್ಲದ ಪಾತ್ರವು ಭಾವವನ್ನು ಹೇಗೆ ತಿಳಿಸುತ್ತದೆ? ಈ ಪ್ರಶ್ನೆಗೆ ಉತ್ತರವಾಗಿ ಒಂದು ಐತಿಹಾಸಿಕ ಕೃತಿಯನ್ನು ಪರಿಶೀಲಿಸಬಹುದು.

ಅದು 1986ರ ಆಗಸ್ಟ್‌ನಲ್ಲಿ ಅಮೆರಿಕದ ಡಲ್ಲಾಸ್ ನಗರದ ಗಣಕಚಿತ್ರ ಸಮ್ಮೇಳನದಲ್ಲಿ ಪ್ರದರ್ಶಿತವಾದ ‘ಲಕ್ಸೋ ಜೂನಿಯರ್’. ನಿರ್ದೇಶಕರು ಜಾನ್ ಲ್ಯಾಸೆಟರ್; ಅವಧಿ ಸುಮಾರು ಎರಡು ನಿಮಿಷ. ಪಾತ್ರಗಳು ಎರಡೇ: ಒಂದು ದೊಡ್ಡ ಮೇಜುದೀಪ, ಒಂದು ಚಿಕ್ಕ ಮೇಜುದೀಪ. ಸಂಗೀತವಿದೆ, ಸದ್ದುಗಳಿವೆ, ಮಾತಿಲ್ಲ, ಕಣ್ಣು ಬಾಯಿಗಳೂ ಇಲ್ಲ. ಚಿಕ್ಕ ದೀಪ ಚೆಂಡಿನೊಡನೆ ಆಡುತ್ತ ಅದರ ಮೇಲೇರಿ ಕುಣಿಯುತ್ತದೆ. ಚೆಂಡಿನ ಗಾಳಿ ಹೋಗುತ್ತದೆ. ದೀಪ ತಲೆತಗ್ಗಿಸಿ ಹೊರಟುಹೋಗುತ್ತದೆ. ಬಳಿಕ ಇನ್ನೂ ದೊಡ್ಡ ಚೆಂಡಿನೊಡನೆ ಮರಳುತ್ತದೆ. ಪ್ರದರ್ಶನಾನಂತರ ಗಣಕಚಿತ್ರತಜ್ಞ ಜಿಮ್ ಬ್ಲಿನ್ ತಮ್ಮ ಬಳಿಗೆ ಬಂದಾಗ, ನೆರಳಿನ ಗಣನಕ್ರಮದ ವಿಷಯವನ್ನು ಕೇಳುವರೆಂದು ಲ್ಯಾಸೆಟರ್ ಭಾವಿಸಿದ್ದರಂತೆ. ಅವರು ಕೇಳಿದ್ದು, ದೊಡ್ಡ ದೀಪ ತಾಯಿಯೋ ತಂದೆಯೋ ಎಂದು. ಯಂತ್ರವನ್ನು ಬಲ್ಲವರೂ ಯಂತ್ರವನ್ನು ಮರೆತರೆಂಬುದಕ್ಕೆ ಇದು ಸಾಕ್ಷಿ.

ಈ ಪರಿಣಾಮಕ್ಕೆ ಮೊದಲ ಕಾರಣ ದೃಶ್ಯಸಂಯೋಜನೆ. ಕ್ಯಾಮೆರಾ ಅಲುಗಾಡದು; ಆದುದರಿಂದ ನೋಟವನ್ನು ನಡೆಸುವ ಹೊಣೆ ಪಾತ್ರಗಳ ಮೇಲೆಯೇ ಬೀಳುತ್ತದೆ. ಒಂದು ಕ್ಷಣಕ್ಕೆ ಒಂದೇ ಸಂಗತಿ ಎಂಬುದು ಇಲ್ಲಿನ ನಿಯಮ. ಚಿಕ್ಕದು ಚಟುವಟಿಕೆಯಿಂದ ಜಿಗಿಯುವಾಗ ದೊಡ್ಡದು ಬಹುಮಟ್ಟಿಗೆ ನಿಶ್ಚಲವಾಗಿರುತ್ತದೆ. ಎರಡೂ ಏಕಕಾಲಕ್ಕೆ ಸಮಾನವಾಗಿ ಚಲಿಸಿದ್ದರೆ ಎರಡರ ಭಾವವೂ ಕಳೆದುಹೋಗುತ್ತಿತ್ತು. ಬಾಗಿದ ತಲೆಯೂ ಕುಗ್ಗಿದ ಕಂಬಿಯೂ ಕಪ್ಪು ನೆರಳಿನಾಕೃತಿಯಲ್ಲಿಯೂ ಗುರುತಾಗುವಂತೆ ಪಾತ್ರಗಳನ್ನು ಪಕ್ಕದಿಂದ ನಿಲ್ಲಿಸಲಾಗಿದೆ.

ಎರಡನೆಯದು ಕಾಲಪ್ರಮಾಣ. ಡಿಸ್ನಿ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ ತಮ್ಮ 1981ರ ಗ್ರಂಥದಲ್ಲಿ ಕೊಟ್ಟ ನಿದರ್ಶನವನ್ನು ಲ್ಯಾಸೆಟರ್ ತಮ್ಮ 1987ರ ಪ್ರಬಂಧದಲ್ಲಿ ಬಳಸಿಕೊಂಡರು. ತಲೆ ಒಂದು ಭುಜದಿಂದ ಇನ್ನೊಂದು ಭುಜದ ಕಡೆಗೆ ತಿರುಗುವ ಎರಡು ಮುಖ್ಯಚಿತ್ರಗಳಿವೆಯೆನ್ನೋಣ. ನಡುವೆ ಚಿತ್ರವೇ ಇಲ್ಲದಿದ್ದರೆ ಪಾತ್ರಕ್ಕೆ ಭಾರಿ ಪೆಟ್ಟು ಬಿದ್ದಂತೆ. ಒಂಬತ್ತು ನಡುಚಿತ್ರಗಳಿದ್ದರೆ ಆಲೋಚಿಸುತ್ತಿರುವಂತೆ. ಹತ್ತಿದ್ದರೆ ನೋಯುವ ಕತ್ತನ್ನು ಸಡಿಲಿಸುತ್ತಿರುವಂತೆ. ಚಿತ್ರ ಒಂದೇ, ಅರ್ಥ ಬೇರೆ. ಸೆಕೆಂಡಿಗೆ 24 ಚೌಕಟ್ಟುಗಳ ಮಾಧ್ಯಮದಲ್ಲಿ ಅರ್ಧ ಸೆಕೆಂಡಿನ ವ್ಯತ್ಯಾಸವೂ ಭಾವವನ್ನು ಬದಲಿಸುತ್ತದೆ.

ಇವೆರಡನ್ನೂ ಕೂಡಿಸಿ, ಚೆಂಡು ಕುಗ್ಗುವ ಪ್ರಸಂಗವನ್ನು ಹೊಸದಾಗಿ ಬರೆಯುವ ಯತ್ನ ಮಾಡೋಣ. “ದೀಪಕ್ಕೆ ದುಃಖವಾಯಿತು” ಎಂಬ ವಾಕ್ಯವನ್ನು ಯಾರೂ ಚಿತ್ರಿಸಲಾರರು. ಬರೆಯಬೇಕಾದುದು ಹೀಗೆ: ಕುಣಿತ ನಿಲ್ಲುತ್ತದೆ. ದೀಪ ಚೆಂಡಿನತ್ತ ಬಾಗುತ್ತದೆ. ಒಂದು ಸೆಕೆಂಡು ಅಲುಗದು. ದೊಡ್ಡದರತ್ತ ತಲೆಯೆತ್ತುತ್ತದೆ. ದೊಡ್ಡದು ಮೆಲ್ಲನೆ ತಲೆಯಾಡಿಸುತ್ತದೆ. ಆಮೇಲೆ ಚಿಕ್ಕದರ ತಲೆ ತಗ್ಗುತ್ತದೆ. ನೋಡುವುದು, ತಿಳಿಯುವುದು, ವರ್ತಿಸುವುದು, ಈ ಮೂರೂ ಬೇರೆಬೇರೆಯಾಗಿ ಕಾಣಬೇಕು. ಚೆಂಡು ಕುಗ್ಗಿದ ಕ್ಷಣದಲ್ಲಿಯೇ ತಲೆ ಬಾಗಿದರೆ, ಆಧಾರ ಕುಸಿದು ದೀಪ ಜಾರಿತೆಂದು ತೋರುವುದೇ ಹೊರತು ಶೋಕವೆಂದಲ್ಲ. ನಡುವಿನ ಆ ನಿಶ್ಚಲತೆಯೇ ವಿಚಾರಕ್ಕೆ ಎಡೆ.

ದೋಷವನ್ನು ಕಂಡುಹಿಡಿಯುವ ಕ್ರಮವೂ ಸರಳ. ಒರಟು ರೇಖಾಚಿತ್ರಗಳನ್ನು ನಿಗದಿತ ಅವಧಿಗೆ ಜೋಡಿಸಿ, ಸಂಗೀತವಿಲ್ಲದೆ, ಕಥೆಯನ್ನರಿಯದ ಒಬ್ಬರಿಗೆ ತೋರಿಸಬೇಕು. ಅವರು “ಚೆಂಡು ಒಡೆಯಿತು” ಎಂದಷ್ಟೇ ಹೇಳಿದರೆ ಘಟನೆ ಮುಟ್ಟಿದೆ, ಭಾವ ಮುಟ್ಟಿಲ್ಲ. ಆಗ ಕಣ್ಣೀರನ್ನೋ ಆರ್ತವಾದ ಸಂಗೀತವನ್ನೋ ಸೇರಿಸದೆ, ತಿಳಿಯುವ ಘಟ್ಟಕ್ಕೆ ಕೆಲವು ಚೌಕಟ್ಟುಗಳನ್ನು ಕೂಡಿಸಿ ನೋಡುವುದು ಯುಕ್ತ.

ಈ ವಿಧಾನಕ್ಕೆ ಮಿತಿಯೂ ಉಂಟು. “ಇದು ನನ್ನ ಅಜ್ಜ ಕೊಟ್ಟ ಚೆಂಡು”, “ನಾಳೆ ಹೊಸದು ತರುತ್ತೇನೆ” ಮುಂತಾದ ಭೂತ ಭವಿಷ್ಯತ್ತುಗಳನ್ನು ಅಂಗಭಂಗಿ ಹೇಳಲಾರದು. ಅವನ್ನು ಅಪೇಕ್ಷಿಸುವ ಕಥೆಗೆ ಮಾತೇ ಬೇಕು, ಇಲ್ಲವೆ ‘ಪುಷ್ಪಕ’ದ ಟೇಪಿನಂತೆ ಗತಕಾಲವನ್ನು ಹೊತ್ತುತರುವ ಒಂದು ವಸ್ತು ಬೇಕು. ಲ್ಯಾಸೆಟರ್ ಆರಿಸಿಕೊಂಡ ಕಥೆಯಾದರೋ ಸಂಪೂರ್ಣವಾಗಿ ವರ್ತಮಾನದಲ್ಲಿಯೇ ನಡೆಯುತ್ತದೆ: ಒಂದು ಚೆಂಡು, ಒಂದು ನಷ್ಟ, ಅದನ್ನು ನೋಡುವ ಹಿರಿಯ. ಎರಡು ನಿಮಿಷಗಳಲ್ಲಿ ಅದು ಪೂರ್ಣವಾದುದು ಈ ಆಯ್ಕೆಯಿಂದ.