ಹಬ್ಬದ ಬೇಡಿಕೆಯ ಮುನ್ನಂದಾಜು

ದೀಪಾವಳಿಯ ಹಣತೆಯಂಥ ಸರಕು ಎಷ್ಟು ಖರ್ಚಾಗಬಹುದೆಂದು ಹಿಂದಿನ ಮಾರಾಟದಿಂದ ಲೆಕ್ಕಹಾಕುವ ಕ್ರಮ. ತಿಂಗಳಿಗೆ ತಿಂಗಳು ಹೋಲಿಸುವುದು ಇಲ್ಲಿ ಮೋಸ: ನರಕ ಚತುರ್ದಶಿ 2023ರಲ್ಲಿ ನವೆಂಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 20ಕ್ಕೆ ಬಂತು. ಆದ್ದರಿಂದ ಹಬ್ಬಕ್ಕೆ ಮುಂಚಿನ ವಾರಗಳನ್ನೇ ವರ್ಷದಿಂದ ವರ್ಷಕ್ಕೆ ಹೋಲಿಸಬೇಕು.

ಒಂದು ಅಂಗಡಿಯಲ್ಲಿ ಹಬ್ಬದ ಹಿಂದಿನ ವಾರ ಮೂರು ವರ್ಷ ಕ್ರಮವಾಗಿ 400, 460, 520 ಡಜನ್ ಹಣತೆ ಮಾರಾಟವಾಯಿತು ಎನ್ನೋಣ. ಮೂರು ವರ್ಷದ ಚಲಿಸುವ ಸರಾಸರಿ 460. ಘಾತೀಯ ನಯಗೊಳಿಸುವಿಕೆ ಹೊಸ ವರ್ಷಕ್ಕೆ ಹೆಚ್ಚು ತೂಕ ಕೊಡುತ್ತದೆ:

ಹೊಸ ಅಂದಾಜು = ಹಳೆಯ ಅಂದಾಜು + α × (ನಿಜ ಮಾರಾಟ − ಹಳೆಯ ಅಂದಾಜು)

α = 0.5 ಇಟ್ಟು, ಮೊದಲ ವರ್ಷದ 400ರಿಂದ ಹೊರಟರೆ ಎರಡನೆಯ ವರ್ಷದ ಕೊನೆಗೆ 430, ಮೂರನೆಯದರ ಕೊನೆಗೆ 475. ಬೇಡಿಕೆ ವರ್ಷಕ್ಕೆ 60 ಡಜನ್ ಏರುತ್ತಿರುವಾಗ ಎರಡೂ ಹಿಂದುಳಿಯುತ್ತವೆ. ಅಂದಾಜು ಸತತವಾಗಿ ಒಂದೇ ದಿಕ್ಕಿಗೆ ತಪ್ಪುವುದೇ ಇದರ ಗುರುತು. ಏರಿಕೆಯನ್ನೂ ಲೆಕ್ಕಕ್ಕೆ ಸೇರಿಸುವ ವಿಧಾನವನ್ನು ಹೋಲ್ಟ್ 1957ರಲ್ಲಿ ರೂಪಿಸಿದರು. 1960ರಲ್ಲಿ ವಿಂಟರ್ಸ್ ಅದಕ್ಕೆ ಋತುಮಾನದ ಏರಿಳಿತವನ್ನು ಕೂಡಿಸಿದರು.

ಇನ್ನೊಂದು ತೊಡಕು ಸೂತ್ರಕ್ಕೆ ಕಾಣುವುದೇ ಇಲ್ಲ. ಹಬ್ಬಕ್ಕೆ ಎರಡು ದಿನ ಮುಂಚೆಯೇ ದಾಸ್ತಾನು ಮುಗಿದಿದ್ದರೆ 520 ಎಂಬುದು ಮಾರಾಟ ಮಾತ್ರ, ಬೇಡಿಕೆಯಲ್ಲ. ಬರಿಗೈಲಿ ಹೋದ ಗಿರಾಕಿಗಳು ಪುಸ್ತಕದಲ್ಲಿ ಇರುವುದಿಲ್ಲ.