ದಿನಕ್ಕೆ 50 ರೂ. ಉಳಿತಾಯ: ನಡುವೆ ದಿನ ತಪ್ಪಿದರೆ ಲೆಕ್ಕ ಸರಿಪಡಿಸುವುದು ಹೇಗೆ?

ದಿನಕ್ಕೆ 50 ರೂಪಾಯಿ ಎತ್ತಿಟ್ಟರೆ 365 ದಿನಕ್ಕೆ 18,250 ರೂಪಾಯಿ ಆಗುತ್ತದೆ. ಲೆಕ್ಕ ಸುಲಭ. ಆದರೆ ಕೆಲವು ವಾರಗಳ ನಂತರ ಒಂದೊಂದು ದಿನ ತಪ್ಪತೊಡಗುತ್ತದೆ. ಎಷ್ಟು ದಿನ ತಪ್ಪಿತು ಎಂಬುದೇ ತಿಳಿಯದೆ ಕೊನೆಗೆ ಉಳಿತಾಯವೂ ನಿಂತುಹೋಗುತ್ತದೆ.

ಪಿಗ್ಮಿ ಕಲಿಸಿದ ಪಾಠ

ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಏಜೆಂಟ್ ಬಂದರೆ ಹಣ ಕೊಡಬೇಕೆಂಬ ನೆನಪು ತಾನಾಗಿಯೇ ಆಗುತ್ತಿತ್ತು, ಕೊಟ್ಟ ಹಣ ಕೈಬಿಟ್ಟು ಹೋಗುತ್ತಿತ್ತು. ಏಜೆಂಟ್ ಇಲ್ಲದೆ ಉಳಿಸುವವರು ಈ ಎರಡೂ ಕೆಲಸವನ್ನು ತಾವೇ ಮಾಡಿಕೊಳ್ಳಬೇಕು.

ನೆನಪು ಮತ್ತು ಲೆಕ್ಕ

ಮೊಬೈಲ್‌ನಲ್ಲಿ ದಿನವೂ ಒಂದೇ ಹೊತ್ತಿಗೆ ಅಲಾರಾಂ ಇಡಿ. ಫೋನ್ ಕೈಯಲ್ಲಿದ್ದು, ತಕ್ಷಣ ಹಣ ವರ್ಗಾಯಿಸಲು ಸಾಧ್ಯವಿರುವ ಹೊತ್ತು ಆರಿಸಿಕೊಳ್ಳಿ. ಬಸ್ಸಿನ ನೂಕುನುಗ್ಗಲಿನಲ್ಲಿ ಅಲಾರಾಂ ಹೊಡೆದರೆ ಅದನ್ನು ಆರಿಸಿ ಮರೆಯುವುದೇ ಹೆಚ್ಚು. ಹಣವನ್ನು ದಿನಬಳಕೆಯ ಖಾತೆಯಲ್ಲೇ ಬಿಡದೆ, ನಿಮ್ಮದೇ ಇನ್ನೊಂದು ಉಳಿತಾಯ ಖಾತೆಗೆ ಯುಪಿಐ ಮೂಲಕ ಕಳುಹಿಸಿ. ಆ ಖಾತೆಗೆ ಕನಿಷ್ಠ ಬ್ಯಾಲೆನ್ಸ್ ನಿಯಮವಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇದ್ದರೆ ದಂಡವೇ ಉಳಿತಾಯವನ್ನು ತಿನ್ನಬಹುದು.

ಸ್ಪ್ರೆಡ್‌ಶೀಟ್‌ನ ಮೊದಲ ಕಾಲಂನಲ್ಲಿ ದಿನಾಂಕ, ಎರಡನೆಯದರಲ್ಲಿ ಹಾಕಿದ ಹಣ ಬರೆಯಿರಿ. ಮೂರನೆಯ ಕಾಲಂನ ಎರಡನೇ ಸಾಲಿನಲ್ಲಿ ಈ ಸೂತ್ರ ಹಾಕಿ ಕೆಳಕ್ಕೆ ಎಳೆದರೆ, ಅಂದಿನವರೆಗಿನ ಒಟ್ಟು ಮೊತ್ತ ಕಾಣುತ್ತದೆ:

```
=SUM(B$2:B2)
```

ತಪ್ಪಿದ ದಿನದ ಸಾಲನ್ನು ಬಿಟ್ಟುಬಿಡಬೇಡಿ, 0 ಎಂದು ಬರೆಯಿರಿ.

ತಪ್ಪಿದ ದಿನಗಳ ಲೆಕ್ಕ

ಜನವರಿ 1ರಂದು ಆರಂಭಿಸಿದರೆ ಏಪ್ರಿಲ್ 10 ನೂರನೇ ದಿನ (ಅಧಿಕ ವರ್ಷವಲ್ಲದಿದ್ದರೆ). ಅಂದು 5,000 ರೂ. ಇರಬೇಕು. ಆದರೆ 4,600 ಮಾತ್ರ ಇದೆ ಎಂದುಕೊಳ್ಳಿ. ಕೊರತೆ 400 ರೂ. ಅದನ್ನು 50ರಿಂದ ಭಾಗಿಸಿದರೆ 8, ಅಂದರೆ ಎಂಟು ದಿನ ತಪ್ಪಿದೆ. ಒಂದೇ ದಿನ 400 ತುಂಬುವುದು ಭಾರವಾದರೆ ಮುಂದಿನ 40 ದಿನ 60 ರೂ.ನಂತೆ ಹಾಕಿ. 140ನೇ ದಿನ ಒಟ್ಟು ಸರಿಯಾಗಿ 7,000ಕ್ಕೆ ಬಂದು ನಿಲ್ಲುತ್ತದೆ.

ತಿಂಗಳಿಗೊಮ್ಮೆ ತಾಳೆ

ಶೀಟ್‌ನ ಮೊತ್ತವನ್ನು ತಿಂಗಳಿಗೊಮ್ಮೆ ಖಾತೆಯ ಬ್ಯಾಲೆನ್ಸ್ ಜತೆ ತಾಳೆ ನೋಡಿ. ಖಾತೆಯಲ್ಲಿ ಮೊದಲೇ ಹಣವಿದ್ದರೆ ಅದನ್ನು ಕಳೆಯಿರಿ. ಬಡ್ಡಿ ಸೇರಿದ್ದರೆ ಖಾತೆಯಲ್ಲಿ ತುಸು ಹೆಚ್ಚೇ ಇರುತ್ತದೆ. ಕಡಿಮೆ ಇದ್ದರೆ, ಹಣ ಕಳುಹಿಸದೆ ಬರೆದಿದ್ದೀರಿ, ನಡುವೆ ತೆಗೆದಿದ್ದೀರಿ ಅಥವಾ ಬ್ಯಾಂಕ್ ಶುಲ್ಕ ಕಡಿತವಾಗಿದೆ. ಸ್ಟೇಟ್‌ಮೆಂಟ್ ನೋಡಿದರೆ ಯಾವುದೆಂದು ತಿಳಿಯುತ್ತದೆ.