ಪತ್ರಿಕಾ ಪ್ರಕಟಣೆ, ಜಾಹೀರಾತು ಮತ್ತು ಮೊದಲ ಪ್ಯಾರಾ: 1906ರ ಒಂದು ಘೋಷಣೆಯನ್ನು ಕುರಿತ ಟಿಪ್ಪಣಿ

1. ಆಕರ

ಪತ್ರಿಕಾ ಪ್ರಕಟಣೆಗೂ ಜಾಹೀರಾತಿಗೂ ಇರುವ ಗೆರೆಯನ್ನು ಪ್ರಕಟಣೆ ಕಳಿಸುವವರೇ ಬರಹದಲ್ಲಿ ಎಳೆದ ಆರಂಭದ ನಿದರ್ಶನಗಳಲ್ಲಿ ಅಮೆರಿಕದ ಐವಿ ಲೀ ಅವರ ‘ತತ್ತ್ವಗಳ ಘೋಷಣೆ’ ಒಂದು. ಲೀ ಮೊದಲು ನ್ಯೂಯಾರ್ಕಿನಲ್ಲಿ ವರದಿಗಾರರಾಗಿದ್ದವರು. 1906ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಸುದ್ದಿ ಒದಗಿಸುವ ಕೆಲಸ ವಹಿಸಿಕೊಂಡಾಗ ಅವರು ಇದನ್ನು ಸಂಪಾದಕರಿಗೆ ಕಳಿಸಿದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕೆಲವು ಪುಸ್ತಕಗಳು 1905 ಎಂದೂ ನಮೂದಿಸುತ್ತವೆ. ಇಂದು ಎಲ್ಲರೂ ಉಲ್ಲೇಖಿಸುವ ಪಾಠ ಶರ್ಮನ್ ಮೋರ್ಸ್ ಅವರು ‘ಅಮೆರಿಕನ್ ಮ್ಯಾಗಜೀನ್’ನ 1906ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಬರೆದ ಲೇಖನದ ಮೂಲಕ ಬಂದದ್ದು. ಆದ್ದರಿಂದ ‘1906ರ ಸೆಪ್ಟೆಂಬರಿಗೆ ಮುಂಚೆ’ ಎನ್ನುವಷ್ಟು ಮಾತ್ರ ಖಚಿತ. ಅದಕ್ಕಿಂತ ನಿಖರವಾದ ತಾರೀಖನ್ನು ಈ ಟಿಪ್ಪಣಿ ಬಳಸುವುದಿಲ್ಲ.

2. ಘೋಷಣೆ ಹೇಳಿದ್ದು, ಹೇಳದೆ ಬಿಟ್ಟದ್ದು

ಘೋಷಣೆ ಚಿಕ್ಕದು. ಅದರ ಸಾರ ಇಷ್ಟು: ಇದು ಗುಟ್ಟಿನ ಕಚೇರಿಯಲ್ಲ, ಕೆಲಸವೆಲ್ಲ ಬಹಿರಂಗ, ಇದು ಜಾಹೀರಾತು ಸಂಸ್ಥೆಯೂ ಅಲ್ಲ, ಕಳಿಸಿದ ಬರಹ ನಿಮ್ಮ ವ್ಯಾಪಾರ ವಿಭಾಗಕ್ಕೆ ಸೇರಬೇಕಾದದ್ದೆಂದು ಕಂಡರೆ ಬಳಸಬೇಡಿ, ಬರೆದದ್ದು ನಿಖರ, ಹೆಚ್ಚಿನ ವಿವರ ಬೇಕಿದ್ದರೆ ಬೇಗ ಕೊಡುತ್ತೇವೆ, ಯಾವುದೇ ಸಂಗತಿಯನ್ನು ನೀವೇ ಪರಿಶೀಲಿಸಿಕೊಳ್ಳಲು ನೆರವಾಗುತ್ತೇವೆ.

ಇಲ್ಲಿ ಗಮನಿಸಬೇಕಾದ ಅಂಶ, ಪ್ರಕಟಣೆ ಮತ್ತು ಜಾಹೀರಾತಿನ ಭೇದವನ್ನು ಲೀ ಬರಹದ ಶೈಲಿಯಲ್ಲಿ ಹುಡುಕಲಿಲ್ಲ ಎಂಬುದು. ಪತ್ರಿಕೆಯ ಯಾವ ಮೇಜಿನ ಮೇಲೆ ಅದು ಇಳಿಯಬೇಕು, ತೀರ್ಮಾನ ಯಾರದು ಎಂಬುದರಲ್ಲಿ ಹುಡುಕಿದರು. ಜಾಹೀರಾತಿನಲ್ಲಿ ಹಣ ಕೊಟ್ಟವರಿಗೆ ಪದ, ಅಳತೆ, ಪುಟ, ದಿನ ಇವುಗಳ ಮೇಲೆ ಹಿಡಿತವಿರುತ್ತದೆ. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಕೊಂಡ ಜಾಗದಲ್ಲಿ ಅವರ ಒಪ್ಪಿಗೆಯಿಲ್ಲದೆ ಒಂದು ಪದವೂ ಬದಲಾಗದು. ಪ್ರಕಟಣೆ ಕಳಿಸಿದವರಿಗೆ ಈ ನಾಲ್ಕರಲ್ಲಿ ಒಂದರ ಮೇಲೂ ಹಕ್ಕಿಲ್ಲ. ಉಪಸಂಪಾದಕರು ಅದನ್ನು ಮೂರು ಸಾಲಿಗೆ ಇಳಿಸಬಹುದು, ವಿರೋಧಿಗಳ ಮಾತು ಸೇರಿಸಬಹುದು, ಬುಟ್ಟಿಗೂ ಹಾಕಬಹುದು.

ಘೋಷಣೆಯಲ್ಲಿ ಒಂದು ಬಿರುಕು ಇದೆ. ಬರಹ ಯಾರ ಪರವಾಗಿ ಬಂದಿದೆ ಎಂಬ ಪೂರ್ಣ ಮಾಹಿತಿಯನ್ನು ಸಂಪಾದಕರು ‘ವಿಚಾರಿಸಿದರೆ’ ಕೊಡಲಾಗುವುದು ಎಂಬ ಅರ್ಥದ ಮಾತು ಅಲ್ಲಿದೆ. ಎಂದರೆ, ಕಳಿಸಿದವರ ಗುರುತು ಪ್ರಕಟಣೆಯ ಒಳಗೇ, ಅದರ ತಲೆಯಲ್ಲೇ, ಇರಲೇಬೇಕೆಂಬ ಕಟ್ಟುಪಾಡು ಈ ಪಾಠದಿಂದ ಹೊರಡುವುದಿಲ್ಲ. ಸಂಪಾದಕರು ಕೇಳಿ ತಿಳಿದುಕೊಂಡರೂ ಓದುಗನಿಗೆ ಅದು ತಲುಪುತ್ತದೆಂಬ ಖಾತರಿಯಿಲ್ಲ. ಮೊದಲ ಪ್ಯಾರಾದಲ್ಲಿ ಏನಿರಬೇಕೆಂಬ ಚರ್ಚೆಗೆ ಈ ಬಿರುಕೇ ಒಳ್ಳೆಯ ಪ್ರವೇಶ.

3. ‘ಮೊದಲ ಪ್ರಕಟಣೆ’ ಎಂಬ ಹೇಳಿಕೆ

1906ರ ಅಕ್ಟೋಬರ್ 28ರ ಭಾನುವಾರ ಅಟ್ಲಾಂಟಿಕ್ ಸಿಟಿಯ ಬಳಿ ವಿದ್ಯುತ್ ರೈಲೊಂದು ತೆರೆದು ಮುಚ್ಚುವ ಸೇತುವೆಯಿಂದ ನೀರಿಗೆ ಉರುಳಿತು. ಸತ್ತವರು 53 ಎಂಬುದು ಹೆಚ್ಚು ಬಳಕೆಯಲ್ಲಿರುವ ಸಂಖ್ಯೆ. ಬೇರೆ ಸಂಖ್ಯೆಗಳೂ ಕಾಣಸಿಗುತ್ತವೆ. ಈ ಮಾರ್ಗ ಪೆನ್ಸಿಲ್ವೇನಿಯಾ ರೈಲು ಕಂಪನಿಯ ಹಿಡಿತದಲ್ಲಿತ್ತು, ಲೀ ಆ ಕಂಪನಿಗೆ ಸಲಹೆಗಾರರು. ಅಪಘಾತ ಮುಚ್ಚಿಡುವ ರೂಢಿ ಬಿಟ್ಟು ಅವರು ಕಂಪನಿಯ ಹೇಳಿಕೆಯನ್ನು ಪತ್ರಿಕೆಗಳಿಗೆ ಹಂಚಿದರು, ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಯಥಾವತ್ತಾಗಿ ಅಚ್ಚು ಮಾಡಿತು, ಅದೇ ಜಗತ್ತಿನ ಮೊದಲ ಪತ್ರಿಕಾ ಪ್ರಕಟಣೆ ಎಂಬ ಕಥೆ ಪಠ್ಯಪುಸ್ತಕಗಳಲ್ಲಿ ನೆಲೆಸಿದೆ.

‘ಮೊದಲ’ ಎಂಬ ಪದವನ್ನು ಒಪ್ಪುವುದು ಕಷ್ಟ. ಬಾಸ್ಟನ್ನಿನ ‘ಪಬ್ಲಿಸಿಟಿ ಬ್ಯೂರೋ’ 1900ರಲ್ಲೇ ಹಣ ಪಡೆದು ಗ್ರಾಹಕರ ಪರ ಬರಹ ಒದಗಿಸುತ್ತಿತ್ತು. ಲೀ ಅವರ ಘೋಷಣೆಯೇ ಅಪಘಾತಕ್ಕಿಂತ ಹಿಂದಿನದು, ಮತ್ತು ಅದರ ಧಾಟಿ ಸಂಪಾದಕರು ಇಂಥ ಬರಹಗಳನ್ನು ಈಗಾಗಲೇ ಅನುಮಾನದಿಂದ ನೋಡುತ್ತಿದ್ದರೆಂದು ಸೂಚಿಸುತ್ತದೆ. ಇಲ್ಲದ ವಸ್ತುವಿನ ಬಗ್ಗೆ ಸಮಜಾಯಿಷಿ ಬೇಕಾಗುವುದಿಲ್ಲ.

4. ಹಣದ ಗೆರೆ ಕಾನೂನಾದದ್ದು

ಲೀ ಸಂಪಾದಕರ ವಿವೇಚನೆಗೆ ಬಿಟ್ಟಿದ್ದ ಗೆರೆಯನ್ನು ಅಮೆರಿಕ 1912ರ ಆಗಸ್ಟ್ 24ರ ಅಂಚೆ ಕಾಯಿದೆಯಲ್ಲಿ ಬರೆದಿಟ್ಟಿತು. ರಿಯಾಯಿತಿ ಅಂಚೆ ದರ ಪಡೆಯುವ ಪತ್ರಿಕೆಯು ಹಣ ಅಥವಾ ಬೆಲೆಯುಳ್ಳ ಪ್ರತಿಫಲ ಪಡೆದು ಅಚ್ಚು ಹಾಕಿದ ಬರಹಕ್ಕೆ ‘ಜಾಹೀರಾತು’ ಎಂದು ನಮೂದಿಸಬೇಕೆಂಬುದು ನಿಯಮ. 1913ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಭಾರತದಲ್ಲಿ ಪ್ರೆಸ್ ಕೌನ್ಸಿಲ್ 2010ರಲ್ಲಿ ‘ಕಾಸಿಗಾಗಿ ಸುದ್ದಿ’ಯನ್ನು ವ್ಯಾಖ್ಯಾನಿಸಿದ್ದೂ ಹೆಚ್ಚುಕಡಿಮೆ ಇದೇ ಅಳತೆಯಲ್ಲಿ: ನಗದು ಅಥವಾ ವಸ್ತುರೂಪದ ಪ್ರತಿಫಲಕ್ಕೆ ಪ್ರತಿಯಾಗಿ ಬಂದ ಸುದ್ದಿ ಅಥವಾ ವಿಶ್ಲೇಷಣೆ. ಎರಡೂ ಕಡೆ ಭಾಷೆ ಅಥವಾ ಹೊಗಳಿಕೆ ಪರೀಕ್ಷೆಯ ಭಾಗವಲ್ಲ. ಹಾಗಾಗಿ ಕಾಸು ಕೈಬದಲಾಯಿಸದ ಹೊಗಳಿಕೆಯ ಬರಹ ಕಾನೂನಿನ ದೃಷ್ಟಿಯಲ್ಲಿ ಜಾಹೀರಾತಲ್ಲ. ಅದು ಬರೀ ಕೆಟ್ಟ ಪ್ರಕಟಣೆ. ಅದನ್ನು ತಡೆಯಬೇಕಾದದ್ದು ಡೆಸ್ಕ್.

5. ಮೊದಲ ಪ್ಯಾರಾ: ಒಂದು ಮಾದರಿ

ಮುಂದಿನ ಉದಾಹರಣೆ ಈ ಟಿಪ್ಪಣಿಗಾಗಿ ಕಟ್ಟಿದ್ದು. ಹೆಸರಿಲ್ಲದ ಒಂದು ಜಿಲ್ಲಾ ಹಾಲು ಒಕ್ಕೂಟ, ಉತ್ಪಾದಕರಿಗೆ ಕೊಡುವ ದರವನ್ನು ಏರಿಸಿದೆ ಎಂದುಕೊಳ್ಳೋಣ. ನಮ್ಮ ಪತ್ರಿಕಾ ಕಚೇರಿಗಳಿಗೆ ಬರುವ ಪ್ರಕಟಣೆಯ ಮೊದಲ ಪ್ಯಾರಾ ಬಹುಪಾಲು ಹೀಗಿರುತ್ತದೆ:

‘ರೈತರ ಏಳಿಗೆಯನ್ನೇ ಉಸಿರಾಗಿಸಿಕೊಂಡಿರುವ ನಮ್ಮ ಹೆಮ್ಮೆಯ ಒಕ್ಕೂಟದ ಕೇಂದ್ರ ಕಚೇರಿಯಲ್ಲಿ ಶುಕ್ರವಾರ ಮಾನ್ಯ ಅಧ್ಯಕ್ಷರ ಅಧ್ಯಕ್ಷತೆಯಲ್ಲಿ ಸಕಲ ನಿರ್ದೇಶಕರ ಉಪಸ್ಥಿತಿಯಲ್ಲಿ ಜರುಗಿದ ಆಡಳಿತ ಮಂಡಳಿ ಸಭೆಯಲ್ಲಿ ಹೈನುಗಾರರ ಬಹುದಿನಗಳ ಬೇಡಿಕೆಗೆ ಸ್ಪಂದಿಸಿ ಹಾಲಿನ ದರವನ್ನು ಐತಿಹಾಸಿಕ ಪ್ರಮಾಣದಲ್ಲಿ ಹೆಚ್ಚಿಸಲು ತೀರ್ಮಾನಿಸಲಾಯಿತು.’

ವಿಶೇಷಣಗಳನ್ನು ಕಿತ್ತೆಸೆಯುವುದು ಸುಲಭ. ದೊಡ್ಡ ತೊಡಕು ಬೇರೆ: ಇದರಲ್ಲಿ ‘ಹಾಲಿನ ದರ’ ಎಂದರೆ ಯಾವ ದರ? ರೈತನ ಕೈಗೆ ಬರುವುದೋ, ಪೇಟೆಯಲ್ಲಿ ಗ್ರಾಹಕ ಕೊಡುವುದೋ? ಎಷ್ಟು, ಎಂದಿನಿಂದ, ಎಂಥ ಹಾಲಿಗೆ? ಇವಕ್ಕೆ ಉತ್ತರ ಇಲ್ಲದಿದ್ದರೆ ಉಪಸಂಪಾದಕರು ಫೋನ್ ಮಾಡಬೇಕು. ಸಂಜೆ ಏಳರ ಹೊತ್ತಿಗೆ ಆ ಫೋನ್ ಯಾರೂ ಎತ್ತುವುದಿಲ್ಲ. ತಿದ್ದಿದ ರೂಪ:

‘ಉತ್ಪಾದಕರಿಂದ ಕೊಳ್ಳುವ ಹಾಲಿನ ದರವನ್ನು ಜಿಲ್ಲಾ ಹಾಲು ಒಕ್ಕೂಟ ಲೀಟರಿಗೆ 2 ರೂಪಾಯಿ ಹೆಚ್ಚಿಸಿದೆ. ನವೆಂಬರ್ 1ರ ಬೆಳಗಿನಿಂದ ಶೇ 4 ಜಿಡ್ಡು, ಶೇ 8.5 ಜಿಡ್ಡೇತರ ಘನಾಂಶವಿರುವ ಹಾಲಿಗೆ 37 ರೂಪಾಯಿ ಸಿಗಲಿದೆ. ಈವರೆಗೆ 35 ರೂಪಾಯಿ ಇತ್ತು. ಮಾರಾಟ ದರ ಬದಲಾಗುವುದಿಲ್ಲ ಎಂದು ಒಕ್ಕೂಟದ ವ್ಯವಸ್ಥಾಪಕ ನಿರ್ದೇಶಕರು ತಿಳಿಸಿದ್ದಾರೆ.’

ಸಭೆಯ ದಿನ, ಸ್ಥಳ, ಅಧ್ಯಕ್ಷತೆ ಎರಡನೆಯ ಪ್ಯಾರಾಕ್ಕೆ ಹೋದವು. ಅವು ಸುಳ್ಳಲ್ಲ, ಆದರೆ ಸುದ್ದಿಯೂ ಅಲ್ಲ. ಎಂಥ ಹಾಲಿಗೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಇಟ್ಟದ್ದಕ್ಕೆ ಕಾರಣವಿದೆ: ಜಿಡ್ಡು ಕಡಿಮೆಯಿರುವ ಹಾಲಿಗೆ 37 ರೂಪಾಯಿ ಬರುವುದಿಲ್ಲ. ಆ ಷರತ್ತು ಐದನೆಯ ಪ್ಯಾರಾದಲ್ಲಿದ್ದು ಅಲ್ಲೇ ಕತ್ತರಿಸಿಹೋದರೆ, ಮರುದಿನ ಡೈರಿ ಮುಂದೆ ಜಗಳ. ಕೊನೆಯ ವಾಕ್ಯವಂತೂ ಜಾಹೀರಾತಿನಲ್ಲಿ ಇರಲೇಬೇಕಾದ ವಾಕ್ಯವಲ್ಲ. ಓದುಗ ಕೇಳುವ, ಕಳಿಸಿದವರಿಗೆ ಇಷ್ಟವಿಲ್ಲದಿರಬಹುದಾದ ಪ್ರಶ್ನೆಗೆ ಅದು ಉತ್ತರ. ಮಾರಾಟ ದರವೂ ಏರುವುದಿದ್ದರೆ ಅದೇ ಜಾಗದಲ್ಲಿ ಅದನ್ನೇ ಹೇಳಬೇಕಾಗುತ್ತದೆ. ಆ ವಾಕ್ಯವನ್ನು ಕಳಿಸಿದವರು ಅಲ್ಲಿಡಲು ಸಿದ್ಧರಿದ್ದಾರೆಯೇ ಎಂಬುದು, ಪೂರ್ಣ ಪರೀಕ್ಷೆಯಲ್ಲದಿದ್ದರೂ, ಎರಡು ಪ್ರಕಾರಗಳನ್ನು ಬೇರ್ಪಡಿಸಲು ಸಾಕಷ್ಟು ಉಪಯುಕ್ತ.

6. ಕನ್ನಡ ವಾಕ್ಯದ ಒಂದು ತೊಡಕು

ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂಬ ಐದನ್ನೂ ಮೊದಲ ವಾಕ್ಯದಲ್ಲೇ ತುಂಬಬೇಕೆಂಬ ಪಾಠ ಇಂಗ್ಲಿಷ್ ಪತ್ರಿಕೆಗಳಿಂದ ಬಂದದ್ದು. ಇಂಗ್ಲಿಷಿನಲ್ಲಿ ಕ್ರಿಯಾಪದ ಕರ್ತೃವಿನ ಹಿಂದೆಯೇ ಬಂದುಬಿಡುವುದರಿಂದ ಸುದ್ದಿ ಬೇಗ ತಿಳಿಯುತ್ತದೆ, ಉಳಿದದ್ದು ಬಾಲದಲ್ಲಿ ಸೇರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಐದನ್ನೂ ಒಂದೇ ವಾಕ್ಯಕ್ಕೆ ತುರುಕಿದರೆ ‘ಜರುಗಿದ’, ‘ಸ್ಪಂದಿಸಿ’ ಎಂಬ ಕೃದಂತಗಳ ಸಾಲು ಮುಗಿದ ಮೇಲೆಯೇ ಆದದ್ದೇನೆಂದು ಗೊತ್ತಾಗುತ್ತದೆ. ಮೇಲಿನ ಕೆಟ್ಟ ಮಾದರಿಯಲ್ಲಿ ಏನಾಯಿತೆಂಬುದು ಕೊನೆಯ ಮೂರು ನಾಲ್ಕು ಪದಗಳಲ್ಲಿದೆ. ಆದ್ದರಿಂದ ಕನ್ನಡದಲ್ಲಿ ‘ಮೊದಲ ಪ್ಯಾರಾ’ ಎಂಬುದನ್ನು ಎರಡು ಮೂರು ಚಿಕ್ಕ ವಾಕ್ಯಗಳೆಂದು ಗ್ರಹಿಸುವುದೇ ಹೆಚ್ಚು ಸರಿ ಎನಿಸುತ್ತದೆ.

ಇದೇ ಕಾರಣದಿಂದ ಆಕರದ ಉಲ್ಲೇಖವೂ ತೊಡಕಾಗುತ್ತದೆ. ‘ಎಂದು ತಿಳಿಸಿದ್ದಾರೆ’ ವಾಕ್ಯದ ತುದಿಗೆ ಬರುವುದರಿಂದ ಓದುಗ ಹೇಳಿಕೆಯನ್ನು ಮೊದಲು ಸಂಗತಿಯಾಗಿ ಓದಿ, ಆಮೇಲೆ ಅದು ಒಬ್ಬರ ಮಾತೆಂದು ತಿಳಿಯುತ್ತಾನೆ. ಹಲವು ಪ್ಯಾರಾಗಳ ಪ್ರಕಟಣೆಯಲ್ಲಿ ಅದನ್ನು ಕಟ್ಟಕಡೆಗೆ ಒಮ್ಮೆ ಮಾತ್ರ ಬರೆಯುವ ರೂಢಿ ಉಂಟು. ಜಾಗ ಸಾಲದೆ ಕೆಳಗಿನಿಂದ ಕತ್ತರಿಸಿದಾಗ ಮೊದಲು ಬೀಳುವುದು ಅದೇ. ಆಗ ಒಕ್ಕೂಟದ ಮಾತು ಪತ್ರಿಕೆಯ ಮಾತಾಗಿ ಅಚ್ಚಾಗುತ್ತದೆ. 2ನೇ ಭಾಗದಲ್ಲಿ ಕಂಡ ಬಿರುಕು ಇಲ್ಲಿ ಯಾರ ಉದ್ದೇಶವೂ ಇಲ್ಲದೆ, ವ್ಯಾಕರಣ ಮತ್ತು ಕತ್ತರಿಯಿಂದಲೇ, ಮತ್ತೆ ತೆರೆದುಕೊಳ್ಳುತ್ತದೆ. ಹಾಗಾಗಿ ‘ಒಕ್ಕೂಟ ಹೆಚ್ಚಿಸಿದೆ’ ಎಂದು ಕರ್ತೃವನ್ನು ಮೊದಲ ವಾಕ್ಯದಲ್ಲೇ ಹೆಸರಿಸುವುದು, ‘ತೀರ್ಮಾನಿಸಲಾಯಿತು’ ಎಂಬ ಕರ್ತೃವಿಲ್ಲದ ರೂಪಕ್ಕಿಂತ ಮೇಲು.

7. ಮಿತಿ

ಮೊದಲ ಪ್ಯಾರಾ ಸರಿಯಾಗಿ ಕಟ್ಟಿದ ಮಾತ್ರಕ್ಕೆ ಅದರೊಳಗಿನ ಅಂಕಿ ಸರಿಯಾಗುವುದಿಲ್ಲ. ಇದಕ್ಕೂ ಲೀ ಅವರೇ ಉದಾಹರಣೆ. 1914ರಲ್ಲಿ ಕೊಲರಾಡೊದ ಗಣಿ ಮುಷ್ಕರದ ಸಮಯದಲ್ಲಿ ರಾಕ್‌ಫೆಲರ್ ಹಿತಾಸಕ್ತಿಯ ಪರವಾಗಿ ಅವರು ಹೊರಡಿಸಿದ ಕರಪತ್ರಗಳಲ್ಲಿ ಕಾರ್ಮಿಕ ಸಂಘದ ಪದಾಧಿಕಾರಿಗಳಿಗೆ ಇಡೀ ವರ್ಷ ಸಂದ ಹಣ ಒಂಬತ್ತು ವಾರಗಳ ಸಂಪಾದನೆಯೆಂಬಂತೆ ಅಚ್ಚಾಗಿತ್ತು. ಅಂಕಿ ಇತ್ತು, ಹೆಸರು ಇತ್ತು, ಅವಧಿ ತಪ್ಪಿತ್ತು. 1915ರಲ್ಲಿ ಕೈಗಾರಿಕಾ ಸಂಬಂಧಗಳ ಆಯೋಗದ ಮುಂದೆ, ಕಂಪನಿ ಕೊಟ್ಟ ಮಾಹಿತಿಯನ್ನು ತಾವು ಪರಿಶೀಲಿಸಲಿಲ್ಲವೆಂದು ಲೀ ಒಪ್ಪಿಕೊಂಡರು. ಪರಿಶೀಲನೆಗೆ ನೆರವಾಗುತ್ತೇವೆ ಎಂದು ಸಂಪಾದಕರಿಗೆ ಬರೆದು ಆಗ ಎಂಟೊಂಬತ್ತು ವರ್ಷಗಳಾಗಿದ್ದವು.